ಕೆಮ್ಮು ಕೂಸಿಗೆ, ಮಾತ್ರೆ ಮನೆಮಂದಿಗೆಲ್ಲ ಏಕೆ?

ಕೆಮ್ಮಿ ಕೆಮ್ಮಿ ಕೊನೆಗೆ 'ಹೂಪ್' ಎಂದು ಉಸಿರೆಳೆದರೆ ಮಾತ್ರ ನಾಯಿಕೆಮ್ಮು ಎಂದು ಹೆಚ್ಚಿನವರು ನಂಬಿದ್ದಾರೆ. ದೊಡ್ಡ ಮಕ್ಕಳಲ್ಲಿ ಈ ಸದ್ದು ಕೇಳಿಸುವುದುಂಟು, ಆದರೆ ಎಲ್ಲರಲ್ಲೂ ಅಲ್ಲ. ಎರಡು-ಮೂರು ತಿಂಗಳ ಕೂಸಿಗೆ ಹಾಗೆ ಜೋರಾಗಿ ಉಸಿರೆಳೆದುಕೊಳ್ಳುವ ಬಲವೇ ಇರುವುದಿಲ್ಲ. ಸ್ವಲ್ಪ ಮೂಗು ಸೋರುತ್ತದೆ, ಜ್ವರ ಇರುವುದೇ ಇಲ್ಲ ಎನ್ನಬಹುದು. ಆಮೇಲೆ ಕೆಮ್ಮುತ್ತಾ ಮುಖ ಕೆಂಪಾಗಿ, ತುಟಿ ನೀಲಿಗಟ್ಟುತ್ತದೆ. ಕೆಲವು ಕೂಸುಗಳು ಕೆಮ್ಮುವುದೇ ಇಲ್ಲ, ಸುಮ್ಮನೆ ಉಸಿರು ನಿಲ್ಲಿಸುತ್ತವೆ. ಉಸಿರು ನಿಂತರೆ, ತುಟಿ ನೀಲಿಯಾದರೆ, ಹಾಲು ಕುಡಿಯಲಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಳೆಯ ಕೂಸನ್ನು ಸಾಮಾನ್ಯವಾಗಿ ದಾಖಲು ಮಾಡಿಕೊಂಡು ಉಸಿರು ಮತ್ತು ಆಮ್ಲಜನಕದ ಮೇಲೆ ಕಣ್ಣಿಡುತ್ತಾರೆ. ಮೂಗಿನ ಹಿಂಭಾಗದಿಂದ ದ್ರವ ತೆಗೆದು ಪಿಸಿಆರ್ ಪರೀಕ್ಷೆಗೆ ಕಳಿಸುತ್ತಾರೆ. ಅನುಮಾನ ಬಲವಾಗಿದ್ದರೆ ವರದಿ ಬರುವವರೆಗೆ ಕಾಯದೆ ಔಷಧಿ ಶುರುಮಾಡುತ್ತಾರೆ.

ಇಲ್ಲಿ ಮನೆಮದ್ದಿನ ಮಾತೂ ಬರುತ್ತದೆ. ಕತ್ತೆ ಹಾಲು ನೆಕ್ಕಿಸಿದರೆ ಕೆಮ್ಮು ಬಿಡುತ್ತದೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಈ ಹಸಿ ಹಾಲಿನಿಂದ ನಾಯಿಕೆಮ್ಮಿನ ರೋಗಾಣು ಸಾಯುವುದಿಲ್ಲ, ಹೊಸ ಸೋಂಕು ತಗಲುವ ಅಪಾಯವಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವೂ ಬೇಡ, ಬಾಟುಲಿಸಂ ಎಂಬ ವಿಷಬಾಧೆ ಬರಬಹುದು. ಕೆಮ್ಮಿನ ಸಿರಪ್ಪಿನಿಂದಲೂ ಪ್ರಯೋಜನವಿಲ್ಲ.

ಬೇಕಾದದ್ದು ಮ್ಯಾಕ್ರೊಲೈಡ್ ಗುಂಪಿನ ಆ್ಯಂಟಿಬಯೋಟಿಕ್, ಸಾಮಾನ್ಯವಾಗಿ ಅಜಿಥ್ರೊಮೈಸಿನ್. 7 ವಾರದ, 4 ಕಿಲೋ ತೂಕದ ಕೂಸು ಎಂದುಕೊಳ್ಳೋಣ. ಆರು ತಿಂಗಳೊಳಗಿನವರಿಗೆ ಕಿಲೋಗೆ 10 ಮಿಲಿಗ್ರಾಂನಂತೆ ದಿನಕ್ಕೊಂದು ಸಲ, 5 ದಿನ. ಅಂದರೆ ದಿನಕ್ಕೆ 40 ಮಿಲಿಗ್ರಾಂ. ಎಡವುವುದು ಅಳತೆಯಲ್ಲಿ. ಬಾಟಲಿಯ ಮೇಲೆ 5 ಎಂಎಲ್‌ಗೆ 200 ಮಿಲಿಗ್ರಾಂ ಎಂದಿದ್ದರೆ 1 ಎಂಎಲ್ ಸಾಕು, 100 ಮಿಲಿಗ್ರಾಂ ಎಂದಿದ್ದರೆ 2 ಎಂಎಲ್ ಬೇಕು. ಅಡುಗೆಮನೆಯ ಚಮಚ ಬಿಟ್ಟು ಸಿರಿಂಜಿನಲ್ಲೇ ಅಳೆಯಬೇಕು, ಎಷ್ಟು ಎಂಬುದನ್ನು ವೈದ್ಯರಿಂದಲೇ ಬರೆಸಿಕೊಳ್ಳಬೇಕು. ಒಂದು ತಿಂಗಳೂ ತುಂಬದ ಕೂಸಿಗೆ ಎರಿಥ್ರೊಮೈಸಿನ್ ಕೊಟ್ಟರೆ ಜಠರದ ಬಾಯಿ ದಪ್ಪವಾಗಿ ಹಾಲು ಕೆಳಗಿಳಿಯದಂತಾಗುವ ಸಾಧ್ಯತೆ ಹೆಚ್ಚು, ಅದಕ್ಕೇ ಅಜಿಥ್ರೊಮೈಸಿನ್ ಆರಿಸುತ್ತಾರೆ. ಅದರಲ್ಲೂ ಈ ಅಪಾಯ ಸ್ವಲ್ಪ ಇದೆ. ಔಷಧಿಯ ನಂತರದ ವಾರಗಳಲ್ಲಿ ಹಾಲು ಕುಡಿದ ಕೂಡಲೇ ಚಿಮ್ಮಿದಂತೆ ವಾಂತಿಯಾದರೆ ಮತ್ತೆ ವೈದ್ಯರಿಗೆ ತೋರಿಸಬೇಕು.

ಐದು ದಿನ ಮುಗಿದರೂ ಕೆಮ್ಮು ನಿಲ್ಲದಿದ್ದಾಗ 'ಔಷಧಿ ಹಿಡಿಸಲಿಲ್ಲ' ಎಂದು ಮನೆಯವರು ಕಂಗಾಲಾಗುತ್ತಾರೆ. ಔಷಧಿ ಬ್ಯಾಕ್ಟೀರಿಯಾವನ್ನು ಕೊಂದಿರುತ್ತದೆ. ಆದರೆ ಅದು ಬಿಟ್ಟ ವಿಷವಸ್ತುಗಳು ಅಷ್ಟರಲ್ಲಿ ಶ್ವಾಸನಾಳದೊಳಗೆ ಕಫವನ್ನು ಮೇಲೆ ತಳ್ಳುವ ಸೂಕ್ಷ್ಮ ರೋಮಗಳನ್ನು ಹಾಳುಮಾಡಿರುತ್ತವೆ. ಅವು ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು. ನೆಗಡಿಯ ಹಂತದಲ್ಲೇ ಔಷಧಿ ಸಿಕ್ಕರೆ ಕೆಮ್ಮೂ ಹಗುರಾಗಬಹುದು. ಕೆಮ್ಮು ಜೋರಾದ ಮೇಲೆ ಕೊಟ್ಟರೆ ಮುಖ್ಯ ಲಾಭವೆಂದರೆ, ಐದು ದಿನದ ನಂತರ ಕೂಸಿನಿಂದ ಬೇರೆಯವರಿಗೆ ಹರಡುವುದಿಲ್ಲ.

ಹರಡುವಿಕೆಯ ವಿಷಯದಲ್ಲೇ ತಪ್ಪು ತಿಳಿವಳಿಕೆ ಹೆಚ್ಚು. 'ನಾವು ಆರಾಮಾಗಿದ್ದೇವೆ, ಲಸಿಕೆಯೂ ಆಗಿದೆ, ನಮಗೇಕೆ ಮಾತ್ರೆ?' ಎಂದು ತಂದೆ ಕೇಳುತ್ತಾರೆ. ಲಸಿಕೆಯ ರಕ್ಷಣೆ ವರ್ಷ ಕಳೆದಂತೆ ಇಳಿಯುತ್ತದೆ. ಹಾಗಾಗಿ ದೊಡ್ಡವರಲ್ಲಿ ಈ ರೋಗ ಬರೀ ಹಟಮಾರಿ ಕೆಮ್ಮಾಗಿ ಬಂದು ಹೋಗಬಹುದು. ಕೂಸಿಗೆ ಸೋಂಕು ಬಹುತೇಕ ಮನೆಯವರಿಂದಲೇ ಬಂದಿರುತ್ತದೆ. ಆದ್ದರಿಂದ ಲಸಿಕೆ ಆಗಿದ್ದರೂ ಮನೆಯಲ್ಲಿರುವ ಎಲ್ಲರಿಗೂ, ರೋಗಿಗೆ ಕೆಮ್ಮು ಶುರುವಾದ 21 ದಿನದೊಳಗೆ ಮಾತ್ರೆ ಕೊಡುತ್ತಾರೆ. ಮುಂಜಾಗ್ರತೆಗೆ ಅರ್ಧ ಡೋಸ್ ಸಾಕು ಎಂಬುದೂ ತಪ್ಪು, ಚಿಕಿತ್ಸೆಯ ಪ್ರಮಾಣವೇ ಬೇಕು. ದೊಡ್ಡವರಿಗೆ ಮೊದಲ ದಿನ 500, ಮುಂದಿನ ನಾಲ್ಕು ದಿನ 250 ಮಿಲಿಗ್ರಾಂ. 16 ಕಿಲೋ ತೂಕದ ಅಕ್ಕನಿಗೆ ಮೊದಲ ದಿನ 160, ಆಮೇಲೆ 80. ಹಾಲುಣಿಸುವ ತಾಯಿಯೂ ತೆಗೆದುಕೊಳ್ಳಬೇಕು, ಹಾಲು ನಿಲ್ಲಿಸಬೇಕಿಲ್ಲ.

ಅದೇ ಮನೆಯ ಅಜ್ಜಿಗೆ ಹದಿನೈದು ದಿನದಿಂದ ಕೆಮ್ಮಿದ್ದರೆ ಲೆಕ್ಕ ಬದಲಾಗುತ್ತದೆ. ಅವರನ್ನು ಶಂಕಿತ ರೋಗಿ ಎಂದೇ ನೋಡಿ ಪರೀಕ್ಷೆ, ಚಿಕಿತ್ಸೆ ಮಾಡಬೇಕು. ಐದು ದಿನದ ಔಷಧಿ ಮುಗಿಯುವವರೆಗೆ ಅವರು ಕೂಸನ್ನು ಎತ್ತಿಕೊಳ್ಳಬಾರದು. ಹೃದಯಬಡಿತದ ತೊಂದರೆಗೆ ಅಜ್ಜಿ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಅಜಿಥ್ರೊಮೈಸಿನ್ ಬಡಿತದ ಲಯವನ್ನು ಕೆಡಿಸಬಹುದು. ಓಣಿಯವರಿಗೆಲ್ಲ ಮಾತ್ರೆ ಹಂಚುವ ಅಗತ್ಯವಿಲ್ಲ. ಆದರೆ ಹತ್ತಿರದಿಂದ ಒಡನಾಡಿದ ತುಂಬುಗರ್ಭಿಣಿ ಇದ್ದರೆ, ಅಥವಾ ಒಡನಾಡಿದವರ ಮನೆಯಲ್ಲಿ ಎಳೆಗೂಸಿದ್ದರೆ ವೈದ್ಯರಿಗೆ ತಿಳಿಸಲೇಬೇಕು.

ಈ ಐದು ದಿನದ ಮಾತ್ರೆ ಲಸಿಕೆಯ ಬದಲಿಯಲ್ಲ, ಕೋರ್ಸ್ ಮುಗಿದ ಮೇಲೆ ಅದರ ರಕ್ಷಣೆ ಉಳಿಯುವುದಿಲ್ಲ. ರೋಗ ಬಂದು ಹೋದರೂ ಜೀವನಪೂರ್ತಿ ರಕ್ಷಣೆ ಸಿಗುವುದಿಲ್ಲ. ಗುಣವಾದ ಕೂಸಿಗೂ 6, 10, 14 ವಾರದ ಪೆಂಟಾವಲೆಂಟ್ ಲಸಿಕೆಯಲ್ಲಿ ಬಾಕಿ ಉಳಿದದ್ದನ್ನು ಹಾಕಿಸಬೇಕು. ಅಕ್ಕನ ಡಿಪಿಟಿ ಬೂಸ್ಟರ್ ತಪ್ಪಿದ್ದರೆ ಅದನ್ನೂ ಹಾಕಿಸಿಬಿಡಬೇಕು.