ಅನಿಲ ನುಗ್ಗುವ ಮೊದಲಿನ ಮೂವತ್ತು ಸೆಕೆಂಡು

ಬ್ಯಾಂಕು, ಆಸ್ಪತ್ರೆ ಅಥವಾ ದೊಡ್ಡ ಕಚೇರಿಯ ಸರ್ವರ್ ಕೋಣೆಗೆ ಹೋದರೆ ಬಾಗಿಲ ಬಳಿ ಗೋಡೆಯ ಮೇಲೆ ಎರಡು ಗುಂಡಿಗಳು ಕಾಣುತ್ತವೆ. ಒಂದನ್ನು ಒತ್ತಿದರೆ ಬೆಂಕಿ ಆರಿಸುವ ಅನಿಲ ಬಿಡುಗಡೆಯಾಗುತ್ತದೆ. ಇನ್ನೊಂದು, ಬರಲಿರುವ ಅನಿಲವನ್ನು ತಡೆಹಿಡಿಯುತ್ತದೆ. ಗಾಬರಿಯಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿಬಿಡಬಹುದು ಎಂದೇ ಮೊದಲನೆಯದಕ್ಕೆ ಮೇಲೆತ್ತಿ ಒತ್ತುವ ಮುಚ್ಚಳವಿರುತ್ತದೆ. ಆ ಕೋಣೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ, ಕಸ ಗುಡಿಸುವವರಿಗೂ, ಈ ಎರಡರ ವ್ಯತ್ಯಾಸ ಗೊತ್ತಿರಬೇಕು.

ಸರ್ವರ್‌ಗಳ ಮೇಲೆ ನೀರು ಸುರಿಯುವಂತಿಲ್ಲ, ಪುಡಿ ಎರಚಿದರೆ ಅದು ಯಂತ್ರದ ಸಂದುಗಳಲ್ಲಿ ಕೂತುಬಿಡುತ್ತದೆ. ಹಾಗಾಗಿ ಮೊದಲು ಹ್ಯಾಲಾನ್ ಅನಿಲ ಬಳಸುತ್ತಿದ್ದರು. ಅದು ಓಜೋನ್ ಪದರವನ್ನು ಹಾಳುಮಾಡುತ್ತದೆಂದು ತಿಳಿದ ಮೇಲೆ, 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಅದರ ತಯಾರಿಕೆ ನಿಂತಿತು. ಅದರ ಜಾಗಕ್ಕೆ ಬಂದವೇ ಈಗ ಕ್ಲೀನ್ ಏಜೆಂಟ್ ಎನ್ನುವ ಅನಿಲಗಳು. ಇವುಗಳಲ್ಲಿ ವಿದ್ಯುತ್ ಹರಿಯುವುದಿಲ್ಲ, ಆರಿದ ಮೇಲೆ ಶೇಷವೂ ಉಳಿಯುವುದಿಲ್ಲ. ನಮ್ಮಲ್ಲಿ ಹೆಚ್ಚು ಕಾಣುವುದು ಎಫ್‌ಎಂ-200 ಎಂಬ ಹೆಸರಿನಲ್ಲಿ ಪರಿಚಿತವಾದ ಎಚ್‌ಎಫ್‌ಸಿ-227ಇಎ. ಅದು ಮುಖ್ಯವಾಗಿ ಜ್ವಾಲೆಯ ಶಾಖವನ್ನು ಹೀರಿಕೊಂಡು ಬೆಂಕಿ ಆರಿಸುತ್ತದೆ. ನೈಟ್ರೋಜನ್, ಆರ್ಗಾನ್‌ನಂಥ ಜಡ ಅನಿಲಗಳು ಆಮ್ಲಜನಕದ ಪಾಲನ್ನು ಇಳಿಸಿ ಅದೇ ಕೆಲಸ ಮಾಡುತ್ತವೆ. ಕಾರ್ಬನ್ ಡೈಆಕ್ಸೈಡ್ ಈ ಸಾಲಿಗೆ ಸೇರುವುದಿಲ್ಲ, ಏಕೆಂದರೆ ಬೆಂಕಿ ಆರಿಸಲು ಬೇಕಾದಷ್ಟು ಪ್ರಮಾಣದಲ್ಲಿ ಅದು ಮನುಷ್ಯನ ಜೀವವನ್ನೂ ತೆಗೆಯುತ್ತದೆ.

ಕ್ಲೀನ್ ಏಜೆಂಟ್ ಜೀವ ತೆಗೆಯುವುದಿಲ್ಲ ಎಂಬ ಮಾತು ನಿಂತಿರುವುದು ಒಂದು ಲೆಕ್ಕದ ಮೇಲೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ಒಟ್ಟು 90 ಘನ ಮೀಟರ್ ಜಾಗ. ಅದರ ಗಾಳಿಯಲ್ಲಿ ಎಫ್‌ಎಂ-200 ಶೇ 7ರಷ್ಟು ತುಂಬಬೇಕಾದರೆ 20 ಡಿಗ್ರಿ ಉಷ್ಣತೆಯಲ್ಲಿ ಸುಮಾರು 49 ಕಿಲೋ ಅನಿಲ ಬೇಕು. ಹೃದಯದ ಬಡಿತದ ಮೇಲೆ ಯಾವ ದುಷ್ಪರಿಣಾಮವೂ ಕಾಣದ ಮಿತಿ ಶೇ 9. ದುಷ್ಪರಿಣಾಮ ಕಾಣತೊಡಗಿದ್ದು ಶೇ 10.5ರಲ್ಲಿ. ಅಂದರೆ ಏಳಕ್ಕೂ ಒಂಬತ್ತಕ್ಕೂ ನಡುವಿನ ಸ್ವಲ್ಪ ಅಂತರವೇ ನಮ್ಮ ಸುರಕ್ಷತೆ.

ಕೆಲವು ವರ್ಷಗಳ ನಂತರ ಜಾಗ ಸಾಲದೆ ಆ ಕೋಣೆಯ ಮೂರನೇ ಒಂದು ಭಾಗಕ್ಕೆ ಅಡ್ಡಗೋಡೆ ಕಟ್ಟಿ ಯಾರಿಗೋ ಕ್ಯಾಬಿನ್ ಮಾಡಿದರು ಎನ್ನಿ. ಸಿಲಿಂಡರ್ ಹಾಗೆಯೇ ಇದೆ, 49 ಕಿಲೋವೂ ಹಾಗೆಯೇ ಇದೆ. ಆದರೆ ಈಗ ಅದು 60 ಘನ ಮೀಟರಿಗೆ ನುಗ್ಗುತ್ತದೆ, ಪ್ರಮಾಣ ಶೇ 10 ದಾಟುತ್ತದೆ. ಗೋಡೆ ಕಟ್ಟಿದ ಗುತ್ತಿಗೆದಾರನಿಗಾಗಲಿ, ಒಪ್ಪಿಗೆ ಕೊಟ್ಟ ಆಡಳಿತ ವಿಭಾಗಕ್ಕಾಗಲಿ ಇದು ಹೊಳೆಯುವುದೇ ಇಲ್ಲ. ಕೋಣೆಯ ಅಳತೆ ಬದಲಾದ ದಿನವೇ ಅನಿಲದ ಲೆಕ್ಕವನ್ನೂ ಮತ್ತೆ ಮಾಡಿಸಬೇಕು. ಎತ್ತರಿಸಿದ ನೆಲಹಾಸಿನ ಕೆಳಗಿನ ಜಾಗ, ಫಾಲ್ಸ್ ಸೀಲಿಂಗ್‌ನ ಮೇಲಿನ ಜಾಗ ಎರಡೂ ಆ ಲೆಕ್ಕದಲ್ಲಿ ಬರಬೇಕೋ ಬೇಡವೋ ಎಂಬುದನ್ನೂ ಆಗಲೇ ತೀರ್ಮಾನಿಸಬೇಕು.

ಇನ್ನು ಅನಿಲ ಬಿಡುಗಡೆಯಾಗುವ ಬಗೆ. ಒಂದೇ ಒಂದು ಹೊಗೆ ಪತ್ತೆ ಸಾಧನ ಎಚ್ಚರಿಸಿದರೆ ಸಾಮಾನ್ಯವಾಗಿ ಅನಿಲ ಬರುವುದಿಲ್ಲ. ಧೂಳಿಗೂ ಬೆಸುಗೆ ಕೆಲಸದ ಹೊಗೆಗೂ ಅದು ಮೋಸಹೋಗಬಹುದು. ಆದ್ದರಿಂದ ಕೋಣೆಯಲ್ಲಿ ಸಾಧನಗಳನ್ನು ಎರಡು ಗುಂಪು ಮಾಡಿ ಜೋಡಿಸಿರುತ್ತಾರೆ. ಮೊದಲ ಗುಂಪಿನಲ್ಲಿ ಒಂದು ಎಚ್ಚರಿಸಿದರೆ ಗಂಟೆ ಬಾರಿಸುತ್ತದೆ, ಒಬ್ಬರು ಹೋಗಿ ನೋಡಿ ಬರಲು ಸಮಯ ಸಿಗುತ್ತದೆ. ಎರಡನೇ ಗುಂಪಿನಲ್ಲೂ ಒಂದು ಎಚ್ಚರಿಸಿತೆಂದರೆ ಮಾತು ಬೇರೆ. ಆಗ ಜೋರಾದ ಹೂಟರ್ ಕೂಗತೊಡಗುತ್ತದೆ, ದೀಪಗಳು ಮಿನುಗುತ್ತವೆ, ಪ್ಯಾನೆಲ್‌ನಲ್ಲಿ ಎಣಿಕೆ ಶುರುವಾಗುತ್ತದೆ. ಸಾಮಾನ್ಯವಾಗಿ 30 ಸೆಕೆಂಡು.

ಒಳಗಿದ್ದವರು ಹೊರಗೆ ಬರಲೆಂದೇ ಆ ಸಮಯ ಕೊಟ್ಟಿರುವುದು. ಲ್ಯಾಪ್‌ಟಾಪ್ ಎತ್ತಿಕೊಳ್ಳಲು, ಸರ್ವರ್ ಅನ್ನು ಕ್ರಮವಾಗಿ ಆರಿಸಲು ಅದು ಸಾಲದು, ಹಾಗೆ ನಿಲ್ಲಲೂಬಾರದು. ಅದೇ ಅವಧಿಯಲ್ಲಿ ಕೋಣೆಯೂ ಸಿದ್ಧವಾಗಬೇಕು. ಏಸಿ ನಿಲ್ಲಬೇಕು, ಗಾಳಿ ಕೊಳವೆಯ ತಡೆಗಳು ಮುಚ್ಚಬೇಕು, ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು. ಎಫ್‌ಎಂ-200 ಗಾಳಿಗಿಂತ ಸುಮಾರು ಆರು ಪಟ್ಟು ಭಾರ. ಕೇಬಲ್ ತೂರಿಸಲು ಗೋಡೆಯ ಬುಡದಲ್ಲಿ ಕೊರೆದು ಮುಚ್ಚದೆ ಬಿಟ್ಟ ತೂತಿನಿಂದ ಅದು ಸುಲಭವಾಗಿ ಸೋರಿ ಹೋಗುತ್ತದೆ. ಬೇಕಾದ ಪ್ರಮಾಣ ಹತ್ತು ನಿಮಿಷವಾದರೂ ಕೋಣೆಯಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಕಾದ ತಂತಿಯಿಂದ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಕೋಣೆ ಅಷ್ಟು ಬಿಗಿಯಾಗಿದೆಯೇ ಎಂದು ನೋಡಲು ಬಾಗಿಲಿಗೆ ಫ್ಯಾನ್ ಕೂರಿಸಿ ಒತ್ತಡ ಅಳೆಯುವ ಪರೀಕ್ಷೆಯಿದೆ. ಅದನ್ನು ಒಮ್ಮೆ ಮಾಡಿಸಿ, ಆಮೇಲೆ ಹೊಸ ಕೇಬಲ್ ಹಾಕಿದಾಗಲೆಲ್ಲ ಮರೆತುಬಿಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ತಡೆಗುಂಡಿಯ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಒಮ್ಮೆ ಒತ್ತಿ ಬಿಟ್ಟರೆ ಎಲ್ಲ ರದ್ದಾಯಿತು ಎಂದುಕೊಳ್ಳುತ್ತಾರೆ. ಬಹುತೇಕ ವ್ಯವಸ್ಥೆಗಳಲ್ಲಿ ಅದನ್ನು ಒತ್ತಿ ಹಿಡಿದೇ ಇರಬೇಕು, ಬೆರಳು ತೆಗೆದ ಕೂಡಲೇ ಎಣಿಕೆ ಮುಂದುವರಿಯುತ್ತದೆ ಅಥವಾ ಮೊದಲಿನಿಂದ ಶುರುವಾಗುತ್ತದೆ. ಅಂದರೆ ಒಬ್ಬರು ಒತ್ತಿ ನಿಂತಿರುವಾಗ ಇನ್ನೊಬ್ಬರು ಪ್ಯಾನೆಲ್ ನೋಡಬೇಕು, ಒಳಗೆ ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸಬೇಕು. ನಿಜವಾದ ಬೆಂಕಿ ಕಂಡರೆ ಗುಂಡಿ ಬಿಟ್ಟು ಹೊರಗೆ ಬರಬೇಕು. ಸಿಲಿಂಡರಿನ ತಲೆಯ ಮೇಲೆ ಕೈಯಿಂದ ಎಳೆಯುವ ಲಿವರ್ ಇದ್ದರೆ ಅದಕ್ಕೆ ಎಣಿಕೆಯೇ ಇಲ್ಲ. ಎಳೆದ ಕ್ಷಣವೇ ಅನಿಲ ಬರುತ್ತದೆ. ಅದನ್ನು ಮುಟ್ಟುವ ಮೊದಲು ಕೋಣೆ ಖಾಲಿಯಾಗಿದೆ ಎಂದು ಕಣ್ಣಾರೆ ನೋಡಿರಬೇಕು.

ಹೊರಬಂದಾಗ ಎಫ್‌ಎಂ-200 ಸುಮಾರು ಹತ್ತು ಸೆಕೆಂಡಿನಲ್ಲಿ ಕೋಣೆ ತುಂಬುತ್ತದೆ. ತಂಪಿಗೆ ಗಾಳಿಯ ತೇವ ಮಂಜುಗಟ್ಟಿ ಏನೂ ಕಾಣದಂತಾಗುತ್ತದೆ, ಸಡಿಲವಾಗಿದ್ದ ಕಾಗದ, ಸೀಲಿಂಗ್ ಹಲಗೆ ಹಾರುತ್ತವೆ. ಜ್ವಾಲೆಗೆ ತಾಗಿದ ಅನಿಲದ ಒಂದು ಭಾಗ ಒಡೆದು ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಕಣ್ಣು, ಗಂಟಲು ಉರಿಸುವ ಆ ಘಾಟು ಬಂದರೆ ಒಳಗೆ ಹೋಗಬಾರದು. ಅನಿಲ ಹೊರಗೆ ಹೋಗಿದೆಯೆಂದು ಅಳೆದು ನೋಡಿದ ಅಗ್ನಿಶಾಮಕ ಸಿಬ್ಬಂದಿ ಹೇಳುವವರೆಗೆ ಬಾಗಿಲು ಮುಚ್ಚಿರಬೇಕು.

ಬೆಂಕಿಯೇ ಇಲ್ಲದಿದ್ದರೂ ಅನಿಲ ಹಾನಿ ಮಾಡಬಲ್ಲದು. 2016ರ ಸೆಪ್ಟೆಂಬರಿನಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಐಎನ್‌ಜಿ ಬ್ಯಾಂಕಿನ ಡೇಟಾ ಸೆಂಟರಿನಲ್ಲಿ ಜಡ ಅನಿಲದ ಪರೀಕ್ಷೆ ನಡೆಯುತ್ತಿತ್ತು. ಅನಿಲ ನುಗ್ಗುವಾಗ ಎದ್ದ ಭಾರಿ ಸದ್ದಿಗೆ ಅದುರಿ ಹಲವಾರು ಹಾರ್ಡ್ ಡಿಸ್ಕ್‌ಗಳು ಕೆಟ್ಟವು. ಎಟಿಎಂ, ಕಾರ್ಡು, ಆನ್‌ಲೈನ್ ಸೇವೆಗಳು ಸುಮಾರು ಹತ್ತು ಗಂಟೆ ನಿಂತುಹೋದವು. ಅದಾದ ಮೇಲೆ ಸದ್ದು ತಗ್ಗಿಸುವ ನಾಜಲ್‌ಗಳ ಬಳಕೆ ಹೆಚ್ಚಿತು.

ಬೇಡದ ಬಿಡುಗಡೆ ಹೆಚ್ಚಾಗಿ ನಡೆಯುವುದು ರಿಪೇರಿ, ಪರೀಕ್ಷೆಯ ವೇಳೆಯಲ್ಲಿ. ಹಾಗಾಗಿ ಕೆಲಸಕ್ಕೆ ಕೈಹಚ್ಚುವ ಮೊದಲು ಸಿಲಿಂಡರಿನ ಕವಾಟವನ್ನು ತೆರೆಯುವ ಆಕ್ಚುಯೇಟರನ್ನು ಬಿಚ್ಚಿ ಬದಿಗಿಡಬೇಕು. ಪ್ಯಾನೆಲ್‌ನಲ್ಲಿ ಮಾತ್ರ ನಿಷ್ಕ್ರಿಯ ಮಾಡಿ ಸುಮ್ಮನಾದರೆ ಸಾಲದು. ಕೆಲಸ ಮುಗಿದಾಗ ಕ್ರಮ ತಿರುಗುಮುರುಗು. ಮೊದಲು ಪ್ಯಾನೆಲ್ ರೀಸೆಟ್ ಮಾಡಿ ಎಲ್ಲ ಸಾಮಾನ್ಯವಾಗಿದೆಯೇ ನೋಡಬೇಕು. ಆಮೇಲೆ ಕೈಯಲ್ಲಿರುವ ಆಕ್ಚುಯೇಟರಿನ ಪಿನ್ ಒಳಗಿದೆಯೇ ಎಂದು ನೋಡಬೇಕು. ಪರೀಕ್ಷೆಯ ವೇಳೆ ಚಾಲೂ ಆಗಿದ್ದರೆ ಪಿನ್ ಹೊರಗೇ ನಿಂತಿರುತ್ತದೆ. ಅದನ್ನು ಹಾಗೆಯೇ ಸಿಲಿಂಡರಿಗೆ ತಿರುಗಿಸಿ ಕೂರಿಸಿದರೆ ಯಾವ ಹೂಟರೂ ಇಲ್ಲದೆ, ಯಾವ ಎಣಿಕೆಯೂ ಇಲ್ಲದೆ, ತಂತ್ರಜ್ಞ ಅಲ್ಲೇ ನಿಂತಿರುವಾಗಲೇ ಕವಾಟ ತೆರೆದುಕೊಳ್ಳುತ್ತದೆ.