ಜನವರಿ 31ರ ಚಂದಾದಾರ

ಆಪಲ್ ಕಂಪನಿ ಆ್ಯಪ್ ತಯಾರಕರಿಗೆ ಒದಗಿಸಿರುವ ಪರೀಕ್ಷಾ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಒಂದು ತಿಂಗಳು ಎಂದರೆ ಐದು ನಿಮಿಷ, ಒಂದು ವರ್ಷ ಎಂದರೆ ಒಂದು ಗಂಟೆ. ಅಲ್ಲಿ ತಿಂಗಳ ಚಂದಾ ಕಟ್ಟಿದಂತೆ ಮಾಡಿ ಕೂತರೆ, ಎದ್ದು ಕಾಫಿ ತರುವಷ್ಟರಲ್ಲಿ ಮೊದಲ ನವೀಕರಣ ಆಗಿಹೋಗಿರುತ್ತದೆ. ಹಣ ಬಂದರೆ ಬಾಗಿಲು ತೆರೆಯುತ್ತದೆಯೇ, ನಿಂತರೆ ಮುಚ್ಚುತ್ತದೆಯೇ ಎಂದು ನೋಡಲು ಇಷ್ಟು ಸಾಕು.

ಆದರೆ ಐದು ನಿಮಿಷದ ತಿಂಗಳಿಗೆ 31ನೇ ತಾರೀಖೇ ಇರುವುದಿಲ್ಲ. ಚಂದಾ ಲೆಕ್ಕದ ತಪ್ಪುಗಳು ಅಡಗಿ ಕೂರುವುದು ಅಂಥ ತಾರೀಖುಗಳಲ್ಲೇ: ತಿಂಗಳ ಕೊನೆಯಲ್ಲಿ, ಫೆಬ್ರುವರಿಯಲ್ಲಿ, ಅವಧಿ ಮುಗಿಯುವ ಆ ಒಂದು ಸೆಕೆಂಡಿನಲ್ಲಿ. 2012ರ ಫೆಬ್ರುವರಿ 29ರಂದು ಮೈಕ್ರೋಸಾಫ್ಟ್‌ನ ಅಜೂರ್ ಸೇವೆ ಕುಸಿದದ್ದು ಇಂಥದೇ ಒಂದು ತಾರೀಖಿನಿಂದ. ಒಂದು ವರ್ಷ ಬಾಳುವ ಪ್ರಮಾಣಪತ್ರ ತಯಾರಿಸಲು ಪ್ರೋಗ್ರಾಂ ಇಸವಿಗೆ ಸುಮ್ಮನೆ ಒಂದು ಕೂಡಿಸಿತ್ತು. 2013ರಲ್ಲಿ ಫೆಬ್ರುವರಿ 29 ಎಲ್ಲಿಂದ ಬರಬೇಕು?

ಹಾಗಾಗಿ ಅನುಭವಿ ಪ್ರೋಗ್ರಾಮರುಗಳು ಕಾಲವನ್ನು ಓಡಿಸುವುದಕ್ಕಿಂತ, ಬೇಕಾದ ಕಡೆ ತಂದು ನಿಲ್ಲಿಸುವುದನ್ನು ಇಷ್ಟಪಡುತ್ತಾರೆ. ಉಪಾಯ ಸರಳ. ಸಾಮಾನ್ಯವಾಗಿ ಪ್ರೋಗ್ರಾಂ ‘ಈಗ ಎಷ್ಟು ಗಂಟೆ?’ ಎಂದು ನೇರವಾಗಿ ಕಂಪ್ಯೂಟರನ್ನೇ ಕೇಳುತ್ತದೆ. ಅದರ ಬದಲು ಅದರ ಕೈಗೆ ಒಂದು ಗಡಿಯಾರ ಕೊಟ್ಟು, ಏನಿದ್ದರೂ ಇದನ್ನೇ ಕೇಳು ಎನ್ನಬೇಕು. ಗ್ರಾಹಕರಿಗೆ ಸೇವೆ ನಡೆಯುವಾಗ ಅದು ನಿಜ ಗಡಿಯಾರ, ಪರೀಕ್ಷೆಯಲ್ಲಿ ಹುಸಿ ಗಡಿಯಾರ. ಪೈಥಾನ್‌ನಲ್ಲಿ ಹುಸಿ ಗಡಿಯಾರವೆಂದರೆ ಇಷ್ಟೇ:

```python
class FakeClock:
    def __init__(self, now):
        self._now = now
    def now(self):
        return self._now
    def advance(self, delta):
        self._now += delta
```

ನಾವು ತಳ್ಳಿದರೆ ಮಾತ್ರ ಇದರ ಮುಳ್ಳು ಸರಿಯುತ್ತದೆ. ಜಾವಾ ಭಾಷೆಯಲ್ಲಿ ಹೀಗೆ ಬದಲಿಸಬಹುದಾದ `Clock` 2014ರಿಂದಲೇ ಇದೆ. ಡಾಟ್‌ನೆಟ್ 2023ರಲ್ಲಿ `TimeProvider` ಎಂಬ ಹೆಸರಿನಲ್ಲಿ ಇದನ್ನು ಸೇರಿಸಿಕೊಂಡಿತು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಿಂಗಳ ಚಂದಾ ಇರುವ ಒಂದು ಡಿಜಿಟಲ್ ಪತ್ರಿಕೆ. ಓದುಗರೊಬ್ಬರು 2025ರ ಜನವರಿ 31ರ ಬೆಳಿಗ್ಗೆ 7 ಗಂಟೆಗೆ ಚಂದಾದಾರರಾದರು. ಹಣ ಸಿಗದಿದ್ದರೆ ಮೂರು ದಿನ ಗ್ರೇಸ್ ಪೀರಿಯಡ್, ಅಷ್ಟರವರೆಗೆ ಓದಲು ಅಡ್ಡಿಯಿಲ್ಲ.

ಹುಸಿ ಗಡಿಯಾರವನ್ನು ಫೆಬ್ರುವರಿ 28ರ ಬೆಳಿಗ್ಗೆ 7ಕ್ಕೆ ತಂದಾಗ ನವೀಕರಣ ಸರಿಯಾಗಿಯೇ ಆಗುತ್ತದೆ. 31 ಇಲ್ಲದ ತಿಂಗಳಲ್ಲಿ ಕೊನೆಯ ದಿನವೇ ಗತಿ. ಎಡವಟ್ಟು ಕಾಣುವುದು ಮಾರ್ಚ್‌ನಲ್ಲಿ. ಪ್ರೋಗ್ರಾಂ ಹಿಂದಿನ ನವೀಕರಣದ ತಾರೀಖಿಗೆ ಒಂದು ತಿಂಗಳು ಕೂಡಿಸುತ್ತಿದ್ದರೆ ಮಾರ್ಚ್ 28ಕ್ಕೇ ಹಣ ಕಡಿತವಾಗುತ್ತದೆ, ಅಂದರೆ ಮೂರು ದಿನ ಮೊದಲೇ. ಆಮೇಲೆ ಪ್ರತಿ ತಿಂಗಳೂ 28. ಮೊದಲ ದಿನದ ‘31’ ಅನ್ನು ಬೇರೆಯಾಗಿ ನೆನಪಿಟ್ಟು, ಪ್ರತಿ ಬಾರಿ ಅಲ್ಲಿಂದಲೇ ಎಣಿಸಿದರೆ ಮಾತ್ರ ಮಾರ್ಚ್ 31, ಏಪ್ರಿಲ್ 30, ಮೇ 31 ಎಂಬ ಸರಿಯಾದ ಸಾಲು ಸಿಗುತ್ತದೆ. ಒಂದೇ ತಿಂಗಳು ಮುಂದೆ ತಳ್ಳಿ ನಿಲ್ಲಿಸಿದ ಪರೀಕ್ಷೆಗೆ ಇದು ಗೊತ್ತೇ ಆಗುವುದಿಲ್ಲ.

ಭಾರತದಲ್ಲಿ ಇನ್ನೊಂದು ಗಂಟೆಯ ಲೆಕ್ಕವೂ ಇದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಚಂದಾಗಳಿಗೆ, ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸೂಚನೆ ಕಳಿಸುವುದು ಕಾರ್ಡ್ ಕೊಟ್ಟ ಬ್ಯಾಂಕ್, ಆದರೆ ಕಡಿತದ ವಿವರ ಅದಕ್ಕೆ ಮೊದಲೇ ಮುಟ್ಟಿರಬೇಕು. ನಮ್ಮ ಪತ್ರಿಕೆಯ ಪ್ರೋಗ್ರಾಂ ದಿನಾ ಬೆಳಿಗ್ಗೆ 9ಕ್ಕೆ ಎದ್ದು, ‘ನಾಳೆ ಯಾರ ಚಂದಾ ನವೀಕರಣವಾಗಬೇಕು’ ಎಂದು ಹುಡುಕಿ ವಿವರ ಕಳಿಸುತ್ತದೆ ಎಂದುಕೊಳ್ಳಿ. ಓದಿದರೆ ಎಲ್ಲ ಸರಿ ಎನಿಸುತ್ತದೆ. ಗಡಿಯಾರವನ್ನು ಫೆಬ್ರುವರಿ 27ರ ಬೆಳಿಗ್ಗೆ 9ಕ್ಕೆ ನಿಲ್ಲಿಸಿ ಎಣಿಸಿದರೆ ಕಡಿತಕ್ಕೆ ಉಳಿದಿರುವುದು 22 ಗಂಟೆ ಮಾತ್ರ! ಸಂಜೆ ಚಂದಾದಾರರಾದವರನ್ನಷ್ಟೇ ಇಟ್ಟುಕೊಂಡು ಪರೀಕ್ಷಿಸಿದ್ದರೆ ಈ ತಪ್ಪು ಎಂದೂ ಸಿಕ್ಕುತ್ತಿರಲಿಲ್ಲ. ಚಂದಾ ಶುರುವಾಗುವ ತಾರೀಖಿನ ಜೊತೆಗೆ ಗಂಟೆಯನ್ನೂ ಬದಲಿಸಿ ನೋಡಬೇಕೆನ್ನುವುದು ಅದಕ್ಕೇ.

ಈಗ ಫೆಬ್ರುವರಿ 28ರ ಪಾವತಿ ವಿಫಲವಾಯಿತು ಎನ್ನಿ. ಗ್ರೇಸ್ ಪೀರಿಯಡ್ ಮಾರ್ಚ್ 3ರ ಬೆಳಿಗ್ಗೆ 7ರವರೆಗೆ. ಇಲ್ಲಿ ಗಡಿಯಾರವನ್ನು ಮೂರು ಕಡೆ ನಿಲ್ಲಿಸುತ್ತಾರೆ: 6:59:59, 7:00:00 ಮತ್ತು 7:00:01. ನಡುವಿನ ಆ ಸೆಕೆಂಡಿನಲ್ಲಿ ಜಗಳ ಹುಟ್ಟುವುದು ಹೆಚ್ಚು. ಲೇಖನ ತೋರಿಸುವ ಭಾಗ `<` ಎಂದು ಬರೆದು, ಮೇಲ್ ಕಳಿಸುವ ಭಾಗ `<=` ಎಂದು ಬರೆದಿದ್ದರೆ, ಓದುಗರಿಗೆ ಪುಟ ಮುಚ್ಚಿರುತ್ತದೆ, ಮೇಲ್ ಮಾತ್ರ ‘ಇನ್ನೂ ಅವಕಾಶವಿದೆ’ ಎನ್ನುತ್ತಿರುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಇದೇ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ಮೂರು ದಿನವೆಂದರೆ 72 ಗಂಟೆಯೋ, ಮೂರನೆಯ ದಿನದ ಮಧ್ಯರಾತ್ರಿಯವರೆಗೋ? ಇದನ್ನು ತೀರ್ಮಾನಿಸಬೇಕಾದ್ದು ಪ್ರೋಗ್ರಾಮರಲ್ಲ, ಪತ್ರಿಕೆ ನಡೆಸುವವರು.

ಮಾರ್ಚ್ 2ರಂದು ಓದುಗರು ಕಾರ್ಡ್ ಸರಿಪಡಿಸಿ ಹಣ ಕಟ್ಟಿದರು. ಮುಂದಿನ ಕಡಿತ ಮಾರ್ಚ್ 31ಕ್ಕೋ, ಏಪ್ರಿಲ್ 2ಕ್ಕೋ? ಆಪಲ್ ಇದಕ್ಕೆ ಸ್ಪಷ್ಟ ಉತ್ತರ ಇಟ್ಟುಕೊಂಡಿದೆ. ಗ್ರೇಸ್ ಪೀರಿಯಡ್ ಒಳಗೆ ಹಣ ಬಂದರೆ ಹಳೆಯ ತಾರೀಖೇ ಮುಂದುವರಿಯುತ್ತದೆ. ಅದು ಕಳೆದ ಮೇಲೆ ಬಂದರೆ ಬಂದ ದಿನವೇ ಹೊಸ ತಾರೀಖು. ಯಾವ ನಿಯಮವಾದರೂ ಸರಿ, ಪರೀಕ್ಷೆ ಎರಡೂ ದಾರಿಯಲ್ಲಿ ನಡೆದು ನೋಡಿರಬೇಕು.

ಹುಸಿ ಗಡಿಯಾರವೂ ಮೋಸ ಮಾಡುವುದುಂಟು. ಎಲ್ಲೋ ಮೂಲೆಯ ಒಂದು ಸಾಲು ಇನ್ನೂ `datetime.now()` ಎನ್ನುತ್ತಿರಬಹುದು, ಇಲ್ಲವೇ ಡೇಟಾಬೇಸ್ ತನ್ನದೇ `NOW()` ಬಳಸಿ ತಾರೀಖು ಬರೆಯುತ್ತಿರಬಹುದು. ಆಗ ಅರ್ಧ ವ್ಯವಸ್ಥೆ ಫೆಬ್ರುವರಿಯಲ್ಲಿ, ಉಳಿದರ್ಧ ಇವತ್ತಿನಲ್ಲಿ. ಪತ್ತೆಹಚ್ಚುವ ದಾರಿ ಸುಲಭ: ಗಡಿಯಾರವನ್ನು 2040ಕ್ಕೆ ಇಟ್ಟು ಇಡೀ ಪರೀಕ್ಷೆ ನಡೆಸಿ, ಕೊನೆಗೆ ದಾಖಲೆಗಳಲ್ಲಿ ಈ ವರ್ಷದ ತಾರೀಖು ಎಲ್ಲಾದರೂ ಇದೆಯೇ ಎಂದು ಹುಡುಕುವುದು. ಇದ್ದರೆ ಕಳ್ಳ ಅಲ್ಲೇ ಇದ್ದಾನೆ.

ಒಂದೇ ಏಟಿಗೆ ಮೂರು ತಿಂಗಳು ಹಾರಿಸುವುದೂ ಅಪಾಯ. ನಡುವೆ ಹೋಗಬೇಕಿದ್ದ ಸೂಚನೆಗಳು, ಆಗಬೇಕಿದ್ದ ಮರುಪ್ರಯತ್ನಗಳು ಒಂದೇ ಕ್ಷಣದಲ್ಲಿ ಗುಂಪಾಗಿ ನಡೆಯುತ್ತವೆ, ಇಲ್ಲವೇ ನಡೆಯುವುದೇ ಇಲ್ಲ. ಆದ್ದರಿಂದ ನಿಗದಿಯಾದ ಪ್ರತಿ ಕೆಲಸದ ಹೊತ್ತಿಗೂ ನಿಂತು ನಿಂತು ಸಾಗುವುದು ಒಳ್ಳೆಯದು.

ಹಣ ಕಡಿತದ ಕೆಲಸವನ್ನು ಹೊರಗಿನ ಕಂಪನಿಗೆ ಒಪ್ಪಿಸಿದ್ದರೆ ನಮ್ಮ ಗಡಿಯಾರ ಅದರ ಬಾಗಿಲಿನವರೆಗೆ ಮಾತ್ರ. ಪಾವತಿ ಕಂಪನಿ ಸ್ಟ್ರೈಪ್ ಅದಕ್ಕೆಂದೇ ‘ಟೆಸ್ಟ್ ಕ್ಲಾಕ್’ ಎಂಬ ಸೌಲಭ್ಯ ಇಟ್ಟಿದೆ. ಪರೀಕ್ಷೆಯ ಗ್ರಾಹಕರನ್ನು ಅದಕ್ಕೆ ಕಟ್ಟಿ ಮುಂದೆ ತಳ್ಳಿದರೆ ಬಿಲ್ಲುಗಳೂ ವಿಫಲ ಪಾವತಿಗಳೂ ಅದರ ಕಾಲದಂತೆ ಹುಟ್ಟುತ್ತವೆ. ಅದು ಹಿಂದಕ್ಕೆ ತಿರುಗುವುದಿಲ್ಲ, ಮತ್ತು ತಿಂಗಳ ಚಂದಾ ಇದ್ದರೆ ಒಂದು ಬಾರಿಗೆ ಎರಡು ತಿಂಗಳಿಗಿಂತ ಹೆಚ್ಚು ಜಿಗಿಯುವುದಿಲ್ಲ. ತಳ್ಳಿದ ಮೇಲೆ ಅದರ ಸ್ಥಿತಿ `advancing` ಹೋಗಿ `ready` ಆಗುವವರೆಗೆ ಕಾಯಬೇಕು. ಅವಸರಪಟ್ಟು ಮೊದಲೇ ನೋಡಿದರೆ ಅರ್ಧ ಮುಗಿದ ಲೆಕ್ಕ ಕಾಣಿಸುತ್ತದೆ. ಬ್ಯಾಂಕಿನ ಉತ್ತರ ತಡವಾಗಿ ಬಂದರೆ, ಇಲ್ಲವೇ ಒಂದೇ ಉತ್ತರ ಎರಡು ಬಾರಿ ಬಂದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾವ ಗಡಿಯಾರವೂ ಹೇಳದು. ಅಂಥ ಉತ್ತರಗಳನ್ನು ಪರೀಕ್ಷಕರೇ ತಯಾರಿಸಿ ಪ್ರೋಗ್ರಾಮಿನ ಮುಂದಿಡಬೇಕಾಗುತ್ತದೆ.