ಹೆಬ್ಬೆರಳಿನ ಬುಡ ಊದಿಕೊಂಡರೆ: ಗೌಟೋ, ನಂಜೋ, ಪೆಟ್ಟೋ?

ರಾತ್ರಿ ಮಲಗುವಾಗ ಸರಿಯಾಗಿದ್ದ ಕಾಲನ್ನು ಬೆಳಗಿನ ಜಾವ ನೆಲಕ್ಕೆ ಊರಲಾಗುವುದಿಲ್ಲ. ದೀಪ ಹಾಕಿ ನೋಡಿದರೆ ಹೆಬ್ಬೆರಳಿನ ಬುಡ ಊದಿಕೊಂಡಿದೆ, ಮುಟ್ಟಿದರೆ ಸುಡುತ್ತದೆ. ಮನೆಯಲ್ಲಿ ಒಬ್ಬರು ‘ಎಲ್ಲೋ ಎಡವಿರಬೇಕು’ ಎನ್ನುತ್ತಾರೆ, ಇನ್ನೊಬ್ಬರು ‘ನಂಜಾಗಿದೆ’ ಎನ್ನುತ್ತಾರೆ. ಇದು ಗೌಟ್ ಇರಬಹುದೆಂದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ಪೆಟ್ಟು, ನಂಜು, ಗೌಟ್ ಮೂರಕ್ಕೂ ಮದ್ದು ಬೇರೆ ಬೇರೆ. ಕಾಲನ್ನು ಸರಿಯಾಗಿ ನೋಡಿದರೆ ಯಾವುದರ ಕಡೆಗೆ ವಾಲಬೇಕೆಂಬುದು ಸಾಕಷ್ಟು ಗೊತ್ತಾಗುತ್ತದೆ. ಆದರೆ ನೋಟಕ್ಕೂ ಒಂದು ಮಿತಿ ಇದೆ. ಆ ಮಿತಿ ಎಲ್ಲಿದೆ ಎಂದು ತಿಳಿಯುವುದೂ ಅಷ್ಟೇ ಮುಖ್ಯ.

ಗೌಟ್ ಬರುವುದು ಯೂರಿಕ್ ಆಮ್ಲದಿಂದ. ರಕ್ತದ ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಮ್ ದಾಟಿದರೆ ಅದು ಪೂರ್ತಿ ಕರಗಿಯೇ ಉಳಿಯಲಾರದು, ಹರಳುಗಟ್ಟಲು ಶುರುವಾಗುತ್ತದೆ. ತಂಪಿದ್ದಲ್ಲಿ ಹರಳುಗಟ್ಟುವುದು ಇನ್ನೂ ಸುಲಭ. ಹೃದಯದಿಂದ ಬಲು ದೂರದ ಕಾಲ್ಬೆರಳು ಮೈಯ ಉಳಿದ ಭಾಗಕ್ಕಿಂತ ತಣ್ಣಗಿರುತ್ತದೆ. ಹರಳುಗಳು ವರ್ಷಗಟ್ಟಲೆ ಕೀಲಿನೊಳಗೆ ಸದ್ದಿಲ್ಲದೆ ಕೂತಿರಬಹುದು. ಯಾವತ್ತೋ ಒಂದು ದಿನ ರಕ್ತದ ಬಿಳಿಕಣಗಳು ಅವುಗಳ ಮೇಲೆ ಬಿದ್ದಾಗ ಉರಿಯೂತ ಭುಗಿಲೇಳುತ್ತದೆ. ಆದ್ದರಿಂದಲೇ ಗೌಟಿನ ನೋವು ಸಾಮಾನ್ಯವಾಗಿ ರಾತ್ರಿ ಅಥವಾ ನಸುಕಿನಲ್ಲಿ ದಿಢೀರನೆ ಬಂದು, 24 ಗಂಟೆಯೊಳಗೆ ತುದಿ ಮುಟ್ಟುತ್ತದೆ.

ಮೊದಲು ನೋಡಬೇಕಾದ್ದು ಊತದ ನಡುಭಾಗ ಎಲ್ಲಿದೆ ಎಂಬುದನ್ನು. ಗೌಟಿನಲ್ಲಿ ಅದು ಬೆರಳು ಪಾದಕ್ಕೆ ಸೇರುವ ಕೀಲಿನ ಮೇಲೆಯೇ ಇರುತ್ತದೆ, ಉಗುರಿನ ಹತ್ತಿರವಲ್ಲ. ಅಲ್ಲಿನ ಚರ್ಮ ಬಿಗಿದು, ಸಣ್ಣ ಸುಕ್ಕುಗಳೆಲ್ಲ ಮಾಯವಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪುಸ್ತಕಗಳ ಚಿತ್ರದಲ್ಲಿ ಕಾಣುವ ಕಡುಗೆಂಪು ಬಿಳಿಯರ ಚರ್ಮದ್ದು. ನಮ್ಮ ಕಂದು ಮೈಬಣ್ಣದಲ್ಲಿ ಅದು ನೇರಳೆ ಛಾಯೆಯಾಗಿಯೋ ಸುತ್ತಲಿನದಕ್ಕಿಂತ ಕಪ್ಪಾಗಿಯೋ ಕಾಣಬಹುದು. ‘ಕೆಂಪಾಗಿಲ್ಲವಲ್ಲ’ ಎಂದು ಸುಮ್ಮನಾಗುವ ಬದಲು ಹಗಲು ಬೆಳಕಿನಲ್ಲಿ ಎರಡೂ ಪಾದ ಜೋಡಿಸಿಟ್ಟು ಹೋಲಿಸಿ, ಅಂಗೈಯ ಹಿಂಬದಿಯಿಂದ ಬಿಸಿ ಮುಟ್ಟಿ ನೋಡಿ. ಗೌಟಿನ ನೋವಿನಲ್ಲಿ ಹೊದಿಕೆಯ ಅಂಚು ತಾಗಿದರೂ ತಡೆಯಲಾಗುವುದಿಲ್ಲ. ವಾರ ಹತ್ತು ದಿನದಲ್ಲಿ ಊತ ಇಳಿಯುವಾಗ ಆ ಜಾಗ ತುರಿಸಿ, ಚರ್ಮ ತೆಳುವಾಗಿ ಸಿಪ್ಪೆ ಏಳುವುದುಂಟು. ಹೋದ ಸಲ ಹೀಗಾಗಿತ್ತೇ ಎಂದು ನೆನಪಿಸಿಕೊಂಡರೆ ಅದೂ ಒಂದು ಸುಳಿವು.

ಪೆಟ್ಟಿಗೆ ಅದರದೇ ಹೊತ್ತುಗೊತ್ತು ಇರುತ್ತದೆ. ಎಡವಿದ ಆ ಕ್ಷಣವೇ ಜೋರು ನೋವು, ಕೆಲವು ಗಂಟೆಗಳಲ್ಲಿ ಊತ, ಒಂದೆರಡು ದಿನದಲ್ಲಿ ಹೆಪ್ಪುಗಟ್ಟಿದ ನೀಲಿ. ಆ ನೀಲಿ ಇದ್ದಲ್ಲೇ ಇರದೆ ಬೆರಳ ಸಂದಿಗೂ ಅಂಗಾಲಿಗೂ ಇಳಿದು, ಆಮೇಲೆ ಹಸಿರು ಹಳದಿಗೆ ತಿರುಗುತ್ತದೆ. ಗೌಟಿನಲ್ಲಿ ಇಂಥ ನೀಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಬೆರಳು ಸೊಟ್ಟಗಾಗಿದ್ದರೆ ಅಥವಾ ಮೂಳೆಯ ಒಂದೇ ಬಿಂದುವನ್ನು ಒತ್ತಿದಾಗ ಜೀವ ಹೋಗುವಂತಾದರೆ ಎಕ್ಸ್‌ರೇ ಬೇಕು.

ಚರ್ಮದ ನಂಜಿಗೆ ಸಾಮಾನ್ಯವಾಗಿ ಒಂದು ಬಾಗಿಲು ಇರುತ್ತದೆ. ಅದನ್ನು ಹುಡುಕಿ. ಬೆರಳ ಸಂದಿಯಲ್ಲಿ ಬಿಳಿಚಿ ಒಡೆದ ಚರ್ಮ, ಮುಳ್ಳು ಚುಚ್ಚಿದ ಗುರುತು, ಚಪ್ಪಲಿ ಕಚ್ಚಿದ ಗಾಯ, ಮಾಂಸದೊಳಗೆ ಹೊಕ್ಕ ಉಗುರಿನ ಅಂಚು. ಉಗುರುಸುತ್ತಾದರೆ ಬಾವು, ಕೀವು ಎಲ್ಲ ಉಗುರಿನ ಪಕ್ಕದಲ್ಲೇ ಇದ್ದು ಬುಡದ ಕೀಲು ತಣ್ಣಗಿರುತ್ತದೆ. ನಂಜು ಚರ್ಮದಡಿ ಹರಡುತ್ತಿದ್ದರೆ ಅದು ಒಂದು ಕೀಲಿಗೆ ಕಟ್ಟುಬಿದ್ದಿರುವುದಿಲ್ಲ, ಪಾದದ ಮೇಲ್ಭಾಗಕ್ಕೆ ಏರುತ್ತಾ ಹೋಗುತ್ತದೆ. ಅದರ ಅಂಚಿಗೆ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದು ಕೆಲವು ಗಂಟೆ ಬಿಟ್ಟು ನೋಡಿದರೆ ಗೆರೆ ದಾಟಿದೆಯೇ ಎಂದು ತಿಳಿಯುತ್ತದೆ. ಕಾಲಿನ ಮೇಲೆ ಎದ್ದ ಕೆಂಪು ಪಟ್ಟೆ, ತೊಡೆಸಂದಿಯಲ್ಲಿ ನೋಯುವ ಗಂಟು, ನಡುಕದ ಜ್ವರ ಇದ್ದರೆ ಗೆರೆಯನ್ನು ಕಾಯುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಈಗ ಆ ಮಿತಿಯ ವಿಷಯ. ನಂಜು ಚರ್ಮದಲ್ಲಿರದೆ ಕೀಲಿನೊಳಗೇ ಸೇರಿದ್ದರೆ ಹೊರಗಿನ ರೂಪ ಗೌಟಿನಂತೆಯೇ ಇರಬಹುದು. ಗೌಟಿನಲ್ಲೂ ಅರ್ಧ ಪಾದ ಊದಿ ಸಣ್ಣ ಜ್ವರ ಬರಬಹುದು. ಹಳೆಯ ಗೌಟಿನ ಗಂಟು ಒಡೆದು ಸುಣ್ಣದಂಥ ಬಿಳಿ ಪದಾರ್ಥ ಒಸರಿದರೆ ಅದನ್ನು ಕೀವೆಂದೇ ತಿಳಿಯುತ್ತೇವೆ. ಎರಡೂ ಒಂದೇ ಕೀಲಿನಲ್ಲಿ ಸೇರಿಕೊಂಡಿರುವುದೂ ಉಂಟು. ಆಗ ಉತ್ತರ ಸಿಗುವುದು ಸೂಜಿಯಿಂದ ಕೀಲಿನ ನೀರು ತೆಗೆದು ಪರೀಕ್ಷಿಸಿದಾಗ. ವಿಶೇಷ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸೂಜಿಯಾಕಾರದ ಹರಳು ಕಂಡರೆ ಗೌಟ್ ಖಚಿತ. ಈ ವಿಧಾನವನ್ನು ಅಮೆರಿಕದ ವೈದ್ಯರಾದ ಮೆಕಾರ್ಟಿ ಮತ್ತು ಹಾಲಾಂಡರ್ 1961ರಲ್ಲಿ ತೋರಿಸಿಕೊಟ್ಟರು. ಅದೇ ನೀರನ್ನು ಕಲ್ಚರಿಗೆ ಇಟ್ಟರೆ ಬ್ಯಾಕ್ಟೀರಿಯಾ ಇದೆಯೇ ಎಂಬುದೂ ತಿಳಿಯುತ್ತದೆ. ಸಕ್ಕರೆ ಕಾಯಿಲೆ ಇರುವವರ ಕಾಲಿನಲ್ಲಿ ನೋಟವನ್ನು ಇನ್ನೂ ಕಡಿಮೆ ನಂಬಬೇಕು. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ಮೂಳೆಗೆ ನಂಜು ಇಳಿದಿದ್ದರೂ ನೋವಿಲ್ಲದಿರಬಹುದು. ಊತವಿದ್ದೂ ನೋವು ಕಡಿಮೆ ಎಂದರೆ ಅದು ಸಮಾಧಾನದ ಸಂಗತಿಯಲ್ಲ, ಅವರು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಐವತ್ನಾಲ್ಕು ವರ್ಷದ ಒಬ್ಬ ಅಂಗಡಿ ಮಾಲೀಕರನ್ನು ಊಹಿಸಿಕೊಳ್ಳಿ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ನುಂಗುತ್ತಾರೆ. ಭಾನುವಾರ ಬೀಗರೂಟದಲ್ಲಿ ಮಟನ್, ಮದ್ಯ ಎರಡೂ ಆಯಿತು. ಸಂಜೆ ಹೊಸ್ತಿಲು ಎಡವಿದರು. ಹತ್ತು ನಿಮಿಷದಲ್ಲಿ ನೋವು ಹೋಯಿತು, ಮರುದಿನ ಅಂಗಡಿಯಲ್ಲಿ ಓಡಾಡಿಕೊಂಡೇ ಇದ್ದರು. ಮಂಗಳವಾರ ನಸುಕಿಗೆ ಮೂರಕ್ಕೆ ಬೆರಳ ಬುಡ ಉರಿಯತೊಡಗಿತು. ಎಡವಿದ್ದೇ ಕಾರಣವೆಂದು ಅವರ ನಂಬಿಕೆ. ಆದರೆ ಪೆಟ್ಟಿನ ನೋವು ಮಾಯವಾಗಿ ಒಂದು ದಿನ ಪೂರ್ತಿ ನಡೆದಾಡಿದ ಮೇಲೆ ಹೀಗೆ ಬರುವುದಿಲ್ಲ. ನೀಲಿಯೂ ಇಲ್ಲ. ಬೆರಳ ಸಂದಿ ಒಣಗಿದೆ, ಉಗುರು ಶುಭ್ರವಾಗಿದೆ, ಮೈಯಲ್ಲಿ ಜ್ವರವಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಎರಡು ವರ್ಷದ ಹಿಂದೆ ಇದೇ ಬೆರಳು ಹೀಗೆಯೇ ಊದಿತ್ತು. ಇವೆಲ್ಲ ಗೌಟಿನ ಕಡೆಗೆ ಬೆರಳು ತೋರುತ್ತವೆ. ಎಡವಿದ್ದಕ್ಕೂ ಪಾಲಿಲ್ಲವೆಂದಲ್ಲ, ಹರಳು ಕೂತ ಕೀಲಿಗೆ ಸಣ್ಣ ಪೆಟ್ಟು ಬಿದ್ದರೂ ಗೌಟ್ ಕೆರಳಬಹುದು. ಬಿಪಿ ಮಾತ್ರೆಯ ಆ ಅಂಶವೂ ಯೂರಿಕ್ ಆಮ್ಲ ಏರಿಸುತ್ತದೆ. ಹಾಗೆಂದು ತಾವೇ ಅದನ್ನು ನಿಲ್ಲಿಸದೆ ವೈದ್ಯರ ಬಳಿ ಬದಲಿ ಕೇಳಬೇಕು.

ಹೋದ ಸಲ ಅವರು ಆಂಟಿಬಯೋಟಿಕ್ ನುಂಗಿದ್ದರು, ಹತ್ತು ದಿನದಲ್ಲಿ ವಾಸಿಯಾಗಿತ್ತು. ಮದ್ದೇನೂ ಇಲ್ಲದಿದ್ದರೂ ಗೌಟಿನ ಊತ ಒಂದೆರಡು ವಾರದಲ್ಲಿ ಇಳಿಯುತ್ತದೆ. ಹೆಸರು ಮಾತ್ರ ಆಂಟಿಬಯೋಟಿಕ್ಕಿಗೆ ಸಿಗುತ್ತದೆ, ರೋಗ ಗುರುತಾಗದೆ ಉಳಿಯುತ್ತದೆ. ಇದಕ್ಕಿಂತ ಅಪಾಯಕಾರಿಯಾದ್ದು ಇದರ ವಿರುದ್ಧದ ತಪ್ಪು: ಗೌಟೆಂದುಕೊಂಡು ನಂಜಾದ ಕೀಲಿಗೆ ಸ್ಟೀರಾಯ್ಡ್ ಕೊಟ್ಟರೆ ನಂಜಿಗೆ ದಾರಿ ಮಾಡಿಕೊಟ್ಟಂತೆ.

ಈ ಸಲ ರಕ್ತಪರೀಕ್ಷೆಯಲ್ಲಿ ಅವರ ಯೂರಿಕ್ ಆಮ್ಲ 6.2 ಬಂತು ಎಂದುಕೊಳ್ಳಿ. ಲ್ಯಾಬ್ ಚೀಟಿಯ ಪ್ರಕಾರ ಅದು ‘ನಾರ್ಮಲ್’. ಆದರೆ ನೋವು ಕೆರಳಿರುವಾಗ ಈ ಅಂಕಿ ತಾತ್ಕಾಲಿಕವಾಗಿ ಇಳಿಯುವುದುಂಟು. ಹಾಗಾಗಿ ಅದನ್ನು ನೋಡಿ ಗೌಟ್ ಅಲ್ಲವೆಂದು ತೀರ್ಮಾನಿಸುವಂತಿಲ್ಲ. ಊತ ಪೂರ್ತಿ ಇಳಿದು ಎರಡು ವಾರ ಕಳೆದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿಸಬೇಕು. ಆಗ 9 ಬಂದರೆ, ಎರಡು ವರ್ಷದ ಹಿಂದಿನ ಊತಕ್ಕೂ ಕಾರಣ ಸಿಕ್ಕಂತಾಗುತ್ತದೆ.